ಒಂದು ಕಾರ್ಡಿನಷ್ಟು ಕಥೆ

ನಮ್ಮ ಯಜಮಾನರು ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಮನೆ ವಿಜಾಪುರದಲ್ಲಿ. ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಬಂದ ಕೂಡಲೇ ಅಂಗಿ ಬಿಚ್ಚಿ ಅಂಗಳದಲ್ಲಿ ಝಾಡಿಸುತ್ತಿದ್ದರು. ಎರಿ ಹೊಲದ ಕರಿ ಧೂಳು ಬೀಳುತ್ತಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರಿಗೆ ನಲವತ್ತು ದಾಟಿತ್ತು, ನನಗೆ ಮೂವತ್ತೊಂದು. ಇಬ್ಬರಿಗೂ ದಣಿವು ಎನ್ನುವುದು ಮನೆಯಲ್ಲಿ ಇರುವ ಇನ್ನೊಬ್ಬ ಹಿರಿಯರ ಹಾಗೆ ಇತ್ತು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ಆದರೆ ಅದಕ್ಕೆ ಜಾಗ ಬಿಟ್ಟೇ ಕೂಡುತ್ತಿದ್ದೆವು.

ಅವರು ಹರೆಯದಲ್ಲಿ ನಾಟಕ ಕಂಪನಿಗಳಿಗೆ ಎರಡು ನಾಟಕ ಬರೆದುಕೊಟ್ಟವರು. ಆಮೇಲೆ ಮೂರು ವರ್ಷ ಕೂತು ಒಂದು ಸಿನಿಮಾ ಕಥೆ ಬರೆದಿದ್ದರು. ಉದ್ದನೆಯ ನೋಟ್‌ಬುಕ್ಕುಗಳು ಐದು, ಕಂದು ರಟ್ಟು, ಅಂಚಿಗೆ ಕೆಂಪು ಬಟ್ಟೆ. ಅವು ಅಕ್ಕಿ ಡಬ್ಬಿಯ ಮೇಲೆ ಇರುತ್ತಿದ್ದವು. ಇಲಿಗೆ ಅಲ್ಲಿ ಏರಲು ಬರುತ್ತಿರಲಿಲ್ಲ.

ಸಿನಿಮಾದವರು ನಮಗೆ ಸಿಕ್ಕದ್ದು ಏಜೆಂಟರ ಮೂಲಕ. ಹುಬ್ಬಳ್ಳಿಯ ವಿತರಕರ ಕಡೆಯಿಂದ ಪಿಕ್ಚರ್ ರೀಲಿನ ಪೆಟ್ಟಿಗೆಯ ಜೊತೆ ಬಂದು, ನಮ್ಮ ಊರಿನ ಟಾಕೀಸಿನಲ್ಲೂ ಟಿಕೋಟಾದ ಟೆಂಟಿನಲ್ಲೂ ಎಷ್ಟು ಜನ ಕೂತರು ಎಂದು ನೋಡಿಕೊಂಡು ಹೋಗುವ ಮನುಷ್ಯ ಅವರು. ನಮ್ಮ ಓಣಿಯಲ್ಲೇ ಒಂದು ಬಾಡಿಗೆ ಖೋಲಿ ಹಿಡಿದಿದ್ದರು. ಸದಾ ತಲೆನೋವು, ಸದಾ ನಿಂಬೆ ಹಣ್ಣಿನ ಚಹಾ. ಒಂದು ರವಿವಾರ ಚಹಾ ಕುಡಿಯುತ್ತ ಹೇಳಿದರು:

“ಮಾಸ್ತರ, ಮದ್ರಾಸಿನ ಒಬ್ಬ ಪ್ರೊಡ್ಯೂಸರ್ ಹೊಸಾ ಕಥಿ ಹುಡುಕಾಕತ್ತಾರ. ನಿಮ್ಮ ಹೆಸರು ಹೇಳೇನಿ. ಖರೆ, ನೋಟ್‌ಬುಕ್ ಕಳಸಬ್ಯಾಡ್ರಿ. ಅವರ ಮನ್ಯಾಗ ನೋಟ್‌ಬುಕ್ಕು ಹಾಸಿಗಿ ಸುತ್ತಿ ಇಟ್ಟಂಗ ಬಿದ್ದಾವ. ಒಂದ ಪೋಸ್ಟ್‌ಕಾರ್ಡಿನ್ಯಾಗ, ಒಂದ ವಾಕ್ಯದಾಗ, ಕಥಿ ಬರದ ಕಳಸ್ರಿ. ಹಿಡಿಸಿದ್ರ ಕರೀತಾರ.”

“ಮೂರು ತಾಸಿನ ಕಥಿ ಒಂದು ವಾಕ್ಯದಾಗ?” ಎಂದರು ಯಜಮಾನರು.

“ಹೂಂ. ಈ ತಿಂಗಳ ಕೊನಿಗೆ ಮುಟ್ಟಬೇಕು.”

ಏಜೆಂಟರು ಹೋದ ಮೇಲೆ ಯಜಮಾನರು ನೋಟ್‌ಬುಕ್ಕುಗಳ ಧೂಳು ಒರೆಸಿ ಮತ್ತೆ ಅಕ್ಕಿ ಡಬ್ಬಿಯ ಮೇಲೆ ಇಟ್ಟರು. ಆಮೇಲೆ ನನಗೆ ಹೇಳಿದರು: “ಇದೊಂದ್ ಆಗಲಿಲ್ಲಂದ್ರ ನಾ ಇನ್ನ ಬರಿಯಂಗಿಲ್ಲ. ಸಾಕಾಗೇದ.” ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ಸಂತೆ ಇಲ್ಲ ಎನ್ನುವ ಹಾಗೆ ಹೇಳಿದರು. ಅದಕ್ಕೇ ನನಗೆ ಹೆದರಿಕೆಯಾಯಿತು.

ಮೊದಲ ಕಾರ್ಡು ಅವರು ಬರೆದದ್ದು ಈಗಲೂ ನೆನಪಿದೆ. “ಗಲ್ಲಿಗೆ ಬಂದ ಗೆಲುವು ಅರ್ಥಾತ್ ದೈವದ ತೀರ್ಪು: ಸುಮಧುರ ಸಂಗೀತ, ಹೊಟ್ಟೆ ಹುಣ್ಣಾಗಿಸುವ ಹಾಸ್ಯ, ಕಣ್ಣೀರಿನ ಕೋಡಿ ಹರಿಸುವ ಕರುಣ ಸನ್ನಿವೇಶಗಳಿಂದ ತುಂಬಿ, ಕೊನೆಗೆ ಸತ್ಯಕ್ಕೇ ಜಯವೆಂದು ಸಾರುವ ಅಪೂರ್ವ ಸಾಮಾಜಿಕ ಕಥಾನಕ.” ಅಕ್ಷರ ಮುತ್ತಿನಂತೆ. ಮರು ರವಿವಾರ ಏಜೆಂಟರು ಓದಿ, ಕಾರ್ಡನ್ನು ಚಹಾದ ಬಟ್ಟಲಿನ ಕೆಳಗೆ ಇಟ್ಟರು.

“ಮಾಸ್ತರ, ಇದು ಕಂಪನಿ ನಾಟಕದ ಹ್ಯಾಂಡ್‌ಬಿಲ್.”

“ಮತ್ತ?”

“ಸಂಗೀತ ಎಲ್ಲಾ ಪಿಕ್ಚರಿನ್ಯಾಗೂ ಇರ್ತದ. ಹಾಸ್ಯನೂ ಇರ್ತದ. ಸತ್ಯ ಗೆಲ್ಲೂದು ಸೆನ್ಸಾರಿನವರ ಹುಕುಂ. ಇದರಾಗ ಯಾರಿಗಿ ಏನ್ ಆಗೇದ ಅಂತ ಎಲ್ಲೇದ?”

ಎರಡನೆಯ ಸಲ ಯಜಮಾನರು ಯಾರಿಗೆ ಏನಾಯಿತು ಎಂದು ಬರೆದರು. ಗೌಡರ ಹೆಸರು, ಊರ ಹೆಸರು, ತಂಗಿಯ ಗಂಡನ ಹೆಸರು, ನೇಕಾರನ ಹೆಸರು, ಆತನ ತಾಯಿಯ ಹೆಸರು. ಅಕ್ಷರ ಸಾಸಿವೆ ಕಾಳಿನಷ್ಟಾಗಿ, ವಿಳಾಸ ಬರೆಯುವ ಕಡೆಗೂ ಹರಿದು, ಕೊನೆಯಲ್ಲಿ ಎಲ್ಲರ ಮದುವೆಯೂ ಆಗಿಬಿಟ್ಟಿತ್ತು. ಏಜೆಂಟರು ಅದನ್ನು ಬೆಳಕಿಗೆ ಹಿಡಿದು ಓದಲು ನೋಡಿದರು, ಬಿಟ್ಟರು.

“ಕೇಳ್ರಿಲ್ಲೆ. ಆ ಪ್ರೊಡ್ಯೂಸರ್‌ಗೆ ನಿಮ್ಮ ಗೌಡ ಯಾರಂತ ಏನ್ ಗೊತ್ತು? ಹೆಸರು ಬ್ಯಾಡ, ಆತ ಎಂಥಾವ ಅಂತ ಹೇಳ್ರಿ. ಕಡೀಕ ಏನಾತು ಅಂತ ಹೇಳಬ್ಯಾಡ್ರಿ. ಹೇಳಿದ್ರ ಉಳದದ್ ಯಾರ್ ಕೇಳ್ತಾರ? ಯಾಕ ಒಂದ ವಾಕ್ಯ ಕೇಳ್ತಾರ ಗೊತ್ತೇನು? ಪ್ರೊಡ್ಯೂಸರ್ ಅದನ್ನ ರೊಕ್ಕ ಹಾಕಾವ್ಗ ಹೇಳಬೇಕು. ಅಂವ ಹುಬ್ಬಳ್ಳಿ ವಿತರಕರಿಗೆ ಹೇಳಬೇಕು. ಅವರು ಟಾಕೀಸ್ ಮಾಲಕಗ ಹೇಳಬೇಕು. ಅಷ್ಟ ಬಾಯಿ ತಿರಗಿದ್ರೂ ವಾಕ್ಯ ಮುರೀಬಾರ್ದು. ನಿಮ್ಮದು ನಮ್ಮ ಓಣಿ ದಾಟಂಗಿಲ್ಲ.”

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಅತ್ತೆ, ಅಂದರೆ ಅವರ ತಾಯಿ, ತಾಟು ನೋಡಿ ನನ್ನ ಮುಖ ನೋಡಿದರು. ಮರುದಿನ ಬಸ್ಸಿಗೆ ಹೊರಡುವಾಗ ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: “ನಿಮ್ಮ ಸಾಲ್ಯಾಗ ದೊಡ್ಡದನ್ನ ಸಣ್ಣದ ಮಾಡೂದು ಕಲಸ್ತಿದ್ರು ಅಂತ ಹೇಳ್ತಿದ್ದಿ. ಒಮ್ಮಿ ನೋಡು.”

ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿ ಒಬ್ಬ ಸಿಸ್ಟರ್ ನಮಗೆ ಸಾರಾಂಶ ಬರೆಯುವುದನ್ನು ಕಲಿಸುತ್ತಿದ್ದರು. ಒಂದು ಪುಟವನ್ನು ನಾಲ್ಕು ಸಾಲು ಮಾಡು, ನಾಲ್ಕು ಸಾಲನ್ನು ಒಂದು ಮಾಡು. ಚೆಂದದ ಮಾತುಗಳಿಗೆಲ್ಲ ಅವರ ನೀಲಿ ಪೆನ್ಸಿಲ್ ಅಡ್ಡ ಬೀಳುತ್ತಿತ್ತು. ಬೈಯುತ್ತಿರಲಿಲ್ಲ, ಗೆರೆಯನ್ನು ಬಹಳ ನಿಧಾನವಾಗಿ, ಮಗುವಿನ ಕಣ್ಣು ಒರೆಸಿದ ಹಾಗೆ ಎಳೆಯುತ್ತಿದ್ದರು. ಮದುವೆಯಾದ ಮೇಲೆ ಆ ವಿದ್ಯೆ ನನಗೆ ತವರಿಗೆ ಕಾರ್ಡು ಬರೆಯಲು ಮಾತ್ರ ಉಪಯೋಗವಾಗಿತ್ತು.

ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆ ಒರಗಿದ ಮೇಲೆ, ಐದು ನೋಟ್‌ಬುಕ್ಕು ಇಳಿಸಿದೆ. ಮೂರು ಮಧ್ಯಾಹ್ನ ಓದಿದೆ. ನಡುವೆ ಎರಡು ಸಲ ಕೂತಲ್ಲೇ ನಿದ್ದೆ ಹೋಗಿದ್ದೆ. ಎಚ್ಚರಾದಾಗ ಕೆನ್ನೆಯ ಮೇಲೆ ರಟ್ಟಿನ ಗುರುತು.

ಕಥೆ ಇಷ್ಟು. ಒಬ್ಬ ಬಡ ನೇಕಾರ, ಒಳ್ಳೆಯವನು, ಹಾಡುಗಾರ. ಊರ ಗೌಡನ ತಂಗಿಯ ಗಂಡ ಕೊಲೆಯಾಗುತ್ತಾನೆ. ಆ ತಂಗಿ ಮುಸ್ಸಂಜೆಯಲ್ಲಿ ಓಡಿಹೋದವನನ್ನು ಹಿಂದಿನಿಂದ ನೋಡಿ, ನೇಕಾರನೇ ಎಂದು ನಂಬಿ ಕೋರ್ಟಿನಲ್ಲಿ ಹೇಳುತ್ತಾಳೆ. ನೇಕಾರನಿಗೆ ಗಲ್ಲು ಆಗುತ್ತದೆ. ಆತ ಜೈಲಿನಲ್ಲಿ ಹಾಡುತ್ತಾನೆ. ಆತನ ತಾಯಿ ಹೊರಗೆ ಹಾಡುತ್ತಾಳೆ. ಕೊಂದವನು ಗೌಡನೇ. ಅದು ನಾಲ್ಕನೆಯ ನೋಟ್‌ಬುಕ್ಕಿನ ಕೊನೆಗೆ ತಂಗಿಗೆ ಗೊತ್ತಾಗುತ್ತದೆ. ಐದನೆಯದರಲ್ಲಿ ಆಕೆ ಬಂದು ಸತ್ಯ ಹೇಳುತ್ತಾಳೆ, ನೇಕಾರ ಬಿಡುಗಡೆಯಾಗುತ್ತಾನೆ.

ಸಿಸ್ಟರ್ ಕಲಿಸಿದಂತೆ ಬರೆಯಲು ಕೂತೆ. “ನಿರಪರಾಧಿ ನೇಕಾರನೊಬ್ಬ...” ಅಲ್ಲಿಗೆ ಪೆನ್ಸಿಲ್ ನಿಂತಿತು. ನೇಕಾರ ಏನು ಮಾಡುತ್ತಾನೆ? ಜೈಲಿನಲ್ಲಿ ಕೂಡುತ್ತಾನೆ. ಮತ್ತೆ ಬರೆದೆ, ಮತ್ತೆ ಅಲ್ಲೇ ನಿಂತಿತು. ಇಡೀ ಕಥೆಯಲ್ಲಿ ಆತ ಒಂದು ಬಾಗಿಲನ್ನೂ ತಾನಾಗಿ ತೆರೆಯುವುದಿಲ್ಲ. ಮಾಡಬೇಕಾದ ಕೆಲಸ ಇರುವುದು ಒಬ್ಬಳಿಗೇ, ಆ ತಂಗಿಗೆ. ಆಕೆಗೆ ನೋಟ್‌ಬುಕ್ಕಿನಲ್ಲಿ ಇದ್ದದ್ದು ನಾಲ್ಕು ದೃಶ್ಯ. ಮೂರರಲ್ಲಿ ಅಳುತ್ತಿದ್ದಳು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಕಾಲು ತೊಳೆಯುತ್ತ ನಿಂತೇ ಕೇಳಿದರು.

“ಆಕಿ ನಾಯಕಿ ಅಲ್ಲ. ಆಕಿ ಸಾಕ್ಷಿ.”

“ಆದ್ರ ಉಳದಾವರೆಲ್ಲಾ ಆಕಿ ಏನ್ ಮಾಡ್ತಾಳ ಅಂತ ಕಾಯಾಕತ್ತಾರಲ್ರಿ. ನೇಕಾರನೂ ಕಾಯ್ತಾನ, ಗೌಡನೂ ಕಾಯ್ತಾನ.”

“ವಿಧವಿ ಮೊದಲನೇ ಪಾತ್ರ ಅಂದ್ರ ಯಾವ ಕಂಪನಿ ನಡೀತದ? ಪಡದೆ ಎದ್ದ ಕೂಡಲೆ ನಾಯಕ ಕಾಣಬೇಕು. ಅಂವ ಹಾಡಬೇಕು.”

“ಇದು ಕಂಪನಿ ಅಲ್ಲಲ್ರಿ.”

ಅವರು ಟವೆಲಿನಿಂದ ಕಾಲ್ಬೆರಳ ಸಂದು ಸಂದು ಒರೆಸಿಕೊಂಡರು. ಹರೆಯವೆಲ್ಲ ಪಡದೆಯ ಹಿಂದೆ ನಿಂತು ನಾಯಕನ ಪ್ರವೇಶ ನೋಡಿದ ಕಣ್ಣು ಅದು. ಅವರದು ತಪ್ಪು ಎನ್ನಲು ನನಗೆ ಮನಸ್ಸಾಗಲಿಲ್ಲ. “ಬರದ್ ನೋಡು,” ಎಂದಷ್ಟೇ ಹೇಳಿ ಒಳಗೆ ಹೋದರು.

ವಿಧವೆಯಿಂದ ಶುರುಮಾಡಿದ ಮೇಲೆ ವಾಕ್ಯ ತಾನೇ ಮುಂದೆ ಹೋಯಿತು. ಆದರೂ ಹನ್ನೆರಡು ಸಲ ಬರೆದೆ. ಆಕೆಗೆ ಏನು ಕಷ್ಟ? ಅಣ್ಣನನ್ನು ಹಿಡಿದುಕೊಡುವುದು. ಅಷ್ಟೇ ಆದರೆ ಸಾಲದು. ಆಕೆ ಎಲ್ಲಿದ್ದಾಳೆ? ಅಣ್ಣನ ಮನೆಯಲ್ಲೇ, ಕೂಸನ್ನು ಕಟ್ಟಿಕೊಂಡು ಅವನ ಅನ್ನ ತಿನ್ನುತ್ತ. ಇದು ಯಜಮಾನರ ನೋಟ್‌ಬುಕ್ಕಿನಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಬಿದ್ದಿತ್ತು. ಅದನ್ನು ಹೆಕ್ಕಿದೆ. ಮತ್ತೆ, ಎಷ್ಟು ದಿನ ಇದೆ? ಗಲ್ಲಿನ ದಿನ ಬರುವ ತನಕ. ಹಾಡು, ತಾಯಿ, ದೈವ ಎಲ್ಲ ಹೋಯಿತು. ಕೊನೆಗೆ ಉಳಿದದ್ದು ಇದು:

“ತನ್ನ ಸಾಕ್ಷಿಯಿಂದ ಗಲ್ಲಿಗೆ ಹೊರಟವನು ನಿರಪರಾಧಿ, ಗಂಡನನ್ನು ಕೊಂದವನು ತನಗೂ ತನ್ನ ಕೂಸಿಗೂ ಅನ್ನ ಹಾಕುತ್ತಿರುವ ಸ್ವಂತ ಅಣ್ಣ ಎಂದು ತಿಳಿದ ವಿಧವೆ, ಗಲ್ಲಿನ ದಿನ ಬರುವುದರೊಳಗೆ ಅದೇ ಅಣ್ಣನ ಮನೆಯಿಂದ ಎದ್ದು ಕೋರ್ಟಿಗೆ ಹೋಗಬೇಕಾಗಿದೆ.”

ಅಷ್ಟು ಬಾಯಿ ತಿರುಗಿದರೂ ಮುರಿಯಬಾರದು ಎಂದಿದ್ದರಲ್ಲ ಏಜೆಂಟರು. ಅದನ್ನು ನೋಡಲು ನನಗೆ ಗೊತ್ತಿದ್ದ ಜಾಗ ಒಂದೇ, ನಮ್ಮ ಓಣಿಯ ನಳ. ಆಗೆಲ್ಲ ನೀರು ಬರುವುದು ಒಂದು ತಾಸು, ಸಾಲಿನಲ್ಲಿ ಕೊಡ ಮೂವತ್ತು. ಮುಂಜಾನೆ ನನ್ನ ಮುಂದೆ ಬಳೆಗಾರರ ಮನೆಯ ಚಾಚಿ ನಿಂತಿದ್ದರು. ಕಥೆ ಎಂದು ಹೇಳದೆ, ವಾಕ್ಯವನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿಬಿಟ್ಟೆ.

ಚಾಚಿ ಕೊಡ ಕೆಳಗಿಟ್ಟರು. “ಯಾವೂರಾಗ ಬೇಟಿ?”

“ಕಥಿ ಚಾಚಿ, ಬರೇ ಕಥಿ.”

“ಕಥಿ ಇದ್ರೇನಾತು. ಹೋದ್ಲೋ ಇಲ್ಲೋ ಹೇಳು.”

“ಇನ್ನಾ ಗೊತ್ತಿಲ್ಲ.”

“ಗೊತ್ತಿಲ್ಲಂತ ಅರ್ಧಕ್ಕ ಬಿಡ್ತಾರೇನ? ಕೂಸಿನ್ನ ಎಲ್ಲೆ ಬಿಟ್ಟ ಹೋಗ್ಬೇಕು ಆಕಿ?” ಎಂದು ನನ್ನನ್ನೇ ಬೈದು ನೀರು ಹಿಡಿದುಕೊಂಡು ಹೋದರು.

ಸಂಜೆ ಅತ್ತೆ ಹಿಟ್ಟಿನ ಗಿರಣಿಯಿಂದ ಬಂದರು. ಜೋಳದ ಹಿಟ್ಟಿನ ಬುಟ್ಟಿ ಇಳಿಸಿ, ಸೀರೆಯ ಸೆರಗಿನಿಂದ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ನನ್ನ ಹತ್ತಿರ ಕೂತರು. “ಏನ್ ಬೇ, ಸುದ್ದಿ ಕೇಳಿದೇನ? ಎಲ್ಲ್ಯೋ ಒಬ್ಬಾಕಿ ಸಾಕ್ಷಿ ಹೇಳಿ ಒಬ್ಬಾಂವಗ ಗಲ್ಲು ಆಗೇದಂತ. ಈಗ ನೋಡಿದ್ರ ಕೊಂದಾಂವ ಆಕಿ ಅಣ್ಣನ ಅಂತ. ಅವನ ಮನ್ಯಾಗ ಕೂಸಿನ್ನ ಇಟಗೊಂಡು ಅನ್ನಾ ತಿನ್ನಾಕತ್ತಾಳಂತ, ಪಾಪ. ದಿನಾ ಹತ್ರ ಬಂದಾವಂತ. ಏನ್ ಮಾಡ್ತಾಳೋ.”

ಒಂದು ಮಾತೂ ಮುರಿದಿರಲಿಲ್ಲ. ಬಾಗಿಲಲ್ಲಿ ಧೂಳು ಝಾಡಿಸುತ್ತಿದ್ದ ಯಜಮಾನರು ಅಂಗಿ ಹಿಡಿದುಕೊಂಡೇ ನಿಂತರು. ಆಮೇಲೆ ಒಳಗೆ ಬಂದು ಹೊಸ ಕಾರ್ಡು ತೆಗೆದು, ನನ್ನ ವಾಕ್ಯವನ್ನು ತಮ್ಮ ಮುತ್ತಿನ ಅಕ್ಷರದಲ್ಲಿ ನಕಲು ಮಾಡಿದರು. ಸುತ್ತ ಬಿಳಿ ಜಾಗ ಬಹಳ ಉಳಿಯಿತು. “ಬೋಳ ಕಾಣ್ತದ,” ಎಂದರು. ಆದರೂ ಏನೂ ಸೇರಿಸಲಿಲ್ಲ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಪ್ರೊಡ್ಯೂಸರ್ ಹುಬ್ಬಳ್ಳಿಗೆ ಬರುತ್ತಿದ್ದಾರೆ, ಬಂದು ಕಥೆ ಹೇಳಿ ಎಂದು. ಯಜಮಾನರು ಇಸ್ತ್ರಿಯ ಅಂಗಿ ತೊಟ್ಟು, ಐದು ನೋಟ್‌ಬುಕ್ಕು ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದರು. ಮೂರನೆಯ ದಿನ ತಿರುಗಿ ಬಂದರು. ಮುಖ ನೋಡಿದ ಕೂಡಲೇ ಗೊತ್ತಾಯಿತು. ನೀರು ಕೊಟ್ಟು ಹತ್ತಿರ ಕೂತೆ.

“ಎರಡು ತಾಸು ಓದಿದೆ,” ಎಂದರು ಲೋಟ ಕೆಳಗಿಟ್ಟು. “ಹಾಡೂ ಹಾಡಿ ತೋರಿಸಿದೆ. ಮಾತ ಮಾತಿಗಿ ಒಂದ ಕೇಳಾಂವ. ‘ಸ್ವಾಮಿ, ಆ ಹೆಂಗಸು ಎಲ್ಲಿ?’ ಬರ್ತಾಳ್ರಿ ಅಂದೆ. ಮೂರನೇ ನೋಟ್‌ಬುಕ್ಕಿಗೆ ಮತ್ತ ಕೇಳಿದ. ‘ನೀವು ಕಾರ್ಡಲ್ಲಿ ಕಳಿಸಿದ ಹೆಂಗಸು ಇದರಲ್ಲಿ ಎಲ್ಲಿದಾಳೆ?’ ನಾ ಏನ್ ಹೇಳ್ಲಿ?”

ಆಗ ತಿಳಿಯಿತು ನಾವು ಮಾಡಿದ್ದು. ವಾಕ್ಯವನ್ನು ಸರಿಮಾಡಿ ಕಳಿಸಿದ್ದೆವು, ಕಥೆಯನ್ನು ಇದ್ದಲ್ಲೇ ಬಿಟ್ಟಿದ್ದೆವು. ಪ್ರೊಡ್ಯೂಸರ್ ಕಾರ್ಡಿಗೆ ಒಪ್ಪಿದ್ದು, ನೋಟ್‌ಬುಕ್ಕಿಗಲ್ಲ. ಆ ವಾಕ್ಯ ಹೇಳುವ ಕಥೆಯನ್ನು ಯಾರೂ ಬರೆದೇ ಇರಲಿಲ್ಲ.

“ಮುಂದ?”

“ಕಾರ್ಡು ಬೇಕಂತ, ನಾ ಬ್ಯಾಡಂತ. ತಮ್ಮ ಕಡೆ ಬರಿಯಾವ್ರು ಇದ್ದಾರ, ಅವರ ಕಡಿಂದ ಬರಸ್ತಾರಂತ. ‘ಕಥೆ’ ಅಂತ ನನ್ನ ಹೆಸರು ಹಾಕ್ತಾರಂತ. ಒಪ್ಪಿಗಿ ಪತ್ರ ಏಜೆಂಟ ತರ್ತಾನ.” ಚೀಲವನ್ನು ಬಾಗಿಲ ಮೂಲೆಗೆ ಸರಿಸಿ ಹೇಳಿದರು: “ಕೊಟ್ಟ ಬಿಡೂಣು. ನನ್ನ ಕೈಲೆ ಆಗೂದಿಲ್ಲ ಇನ್ನ.”

ಚೀಲದಿಂದ ನೋಟ್‌ಬುಕ್ಕು ತೆಗೆದು ಮೇಲಿಡಲೂ ಇಲ್ಲ. ಎರಡು ದಿನ ಅದು ಬಾಗಿಲ ಮೂಲೆಯಲ್ಲೇ ಇತ್ತು. ಕಸ ಗುಡಿಸುವಾಗ ನಾನೇ ಎತ್ತಿ ಎತ್ತಿ ಇಡುತ್ತಿದ್ದೆ.

ಏಜೆಂಟರು ಪತ್ರ ತಂದರು. ಯಜಮಾನರು ಕಾರ್ಡಿನ ವಾಕ್ಯವನ್ನು ಅದರಲ್ಲಿ ತಮ್ಮ ಕೈಯಿಂದಲೇ ಬರೆದು, ಇದು ನನ್ನ ಸ್ವಂತ ಕಲ್ಪನೆ, ಇಂಥವರಿಗೆ ಕೊಟ್ಟಿದ್ದೇನೆ ಎಂದು ಸಹಿ ಮಾಡಬೇಕು. ಯಜಮಾನರು ವಾಕ್ಯ ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಬರೆದರು. ಏಜೆಂಟರು ಬಗ್ಗಿ ಓದಿದರು.

“‘ಕಥೆ ನನ್ನದು, ಈ ವಾಕ್ಯ ನನ್ನ ಹೆಂಡತಿಯದು.’ ಇದ್ಯಾಕ್ರಿ ಮಾಸ್ತರ?”

“ಖರೇ ಅದ ಅಲ್ರಿ.”

“ಖರೇ ಇದ್ರೂ ಬರೀಬಾರ್ದು. ನಾಳೆ ಇದು ಯಾರದು ಅಂತ ತಕರಾರು ಬರ್ತದ. ಒಬ್ಬರದ ಹೆಸರು ಇರಬೇಕು.” ಅವರು ತಮ್ಮ ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. “ಇಲ್ಲೆ ಸಹಿ ಮಾಡ್ರಿ.”

ನಾನು ಚಹಾದ ತಾಟು ಹಿಡಿದು ನಿಂತಿದ್ದೆ. “ಮಾಡ್ರಿ,” ಎಂದೆ. ಮನಸ್ಸಿನಿಂದಲೇ ಹೇಳಿದೆ. ನನ್ನ ಹೆಸರು ಎಲ್ಲೂ ಇರಬೇಕೆಂದು ನನಗೆ ಅನ್ನಿಸಿರಲಿಲ್ಲ. ಅವರು ಒಮ್ಮೆ ನಿರಾಳವಾಗಿ ಉಂಡರೆ ಸಾಕಿತ್ತು.

ಯಜಮಾನರು ಆ ಗೆರೆಯನ್ನೇ ನೋಡುತ್ತಿದ್ದರು. ಆಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕಿದರು.

“ವಾಕ್ಯ ಈಕಿದು, ಕಥಿ ಬರಿಯಾಂವ ಇನ್ನೊಬ್ಬ. ನಾ ಯಾತಕ್ಕ ಸಹಿ ಮಾಡಾಕತ್ತೇನಿ ನಡುವ? ಕೊಡೂದಿಲ್ರಿ. ಪ್ರೊಡ್ಯೂಸರ್‌ಗೆ ಹೇಳ್ರಿ, ಒಂದು ತಿಂಗಳು ತಡೀರಿ ಅಂತ. ಕಾರ್ಡಿನ್ಯಾಗ ಇದ್ದಂಗ ನಾವ ಬರದ ಕೊಡ್ತೀವಿ.”

“ತಡೀಲಿಕ್ಕಿಲ್ರಿ ಅವರು.”

“ತಡೀಲಿಲ್ಲಂದ್ರ ಹೋತು. ಹೆಂಗೂ ಸೂಟಿ ಅದ ನನಗ.”

ಏಜೆಂಟರು ತಲೆನೋವು ಎಂದು ಹಣೆ ಒತ್ತಿಕೊಂಡರು. ಪತ್ರ ಮಡಚಿ ಜೇಬಿಗೆ ಹಾಕಿಕೊಂಡು, “ನಾ ಮದ್ರಾಸಿಗೆ ಟೆಲಿಗ್ರಾಂ ಮಾಡ್ತೇನಿ. ಮುಂದಿಂದು ನಿಮ್ಮ ಹಣೇಬರಹ,” ಎಂದು ಹೋದರು.

ಮದ್ರಾಸಿನಿಂದ ಹೂಂ ಎಂದೂ ಬರಲಿಲ್ಲ, ಬೇಡ ಎಂದೂ ಬರಲಿಲ್ಲ. ಬೇಸಿಗೆ ಸೂಟಿಯ ಆ ತಿಂಗಳು ನನಗೆ ಒಂದೇ ದೊಡ್ಡ ಮಧ್ಯಾಹ್ನದ ಹಾಗೆ ನೆನಪಿದೆ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ಒಳಗೆ ಕೂತು ಅವರು ಬರೆಯುತ್ತಿದ್ದರು. ಕಾರ್ಡಿನ ವಾಕ್ಯವನ್ನು ಗೋಡೆಗೆ ಅಂಟಿಸಿದ್ದರು. ಒಂದು ದೃಶ್ಯ ಮುಗಿದರೆ ಅದರ ಕಡೆ ನೋಡಿ, ಇದು ಅದರೊಳಗೆ ಕೂಡುತ್ತದೆಯೇ ಎಂದು ಕೇಳುತ್ತಿದ್ದರು. ಕೂಡದಿದ್ದರೆ ಹರಿಯುತ್ತಿದ್ದರು. ಜೈಲಿನ ಐದು ಹಾಡಿನಲ್ಲಿ ನಾಲ್ಕು ಹೋದವು. ನಾಲ್ಕನೆಯದನ್ನು ಹರಿಯುವಾಗ ಒಮ್ಮೆ ಸಣ್ಣ ದನಿಯಲ್ಲಿ ಪೂರ್ತಿ ಹಾಡಿಕೊಂಡು ಹರಿದರು.

ನಾನು ರೊಟ್ಟಿ ಬಡಿಯುತ್ತ ಉತ್ತರ ಕೊಡುತ್ತಿದ್ದೆ.

“ಆಕಿಗೆ ಗೊತ್ತಾದ ಮ್ಯಾಲೆ ಅಣ್ಣ ಊಟಕ್ಕ ಕರೀತಾನ. ಆಕಿ ಏನಂತಾಳ? ಛೀ, ಪಾಪಿ ಅಂತಾಳೇನ?”

“ಏನೂ ಅನ್ನಂಗಿಲ್ರಿ. ಕೂಸಿಗೆ ಉಣಸ್ತಾಳ. ತಾ ಉಣ್ಣಂಗಿಲ್ಲ.”

“ಮಾತ ಇಲ್ಲಂದ್ರ ಕಡೀ ಸಾಲಿನ ಜನಕ್ಕ ಹೆಂಗ ತಿಳೀತದ?”

ಮೂಲೆಯಲ್ಲಿ ಕಾಳು ಆರಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ತಿಳೀತದ ತಗೋ. ನಿನ್ನ ತಾಟಿನ್ಯಾಗ ಅರ್ಧ ರೊಟ್ಟಿ ಉಳದದ್ದ ನಮಗ ತಿಳದಿಲ್ಲೇನ?”

ಯಜಮಾನರು ನಕ್ಕರು. ಬರೆದುಕೊಂಡರು. ಸಂಜೆ ಹೊತ್ತಿಗೆ ಇಬ್ಬರಿಗೂ ಮಾತಾಡಲು ಶಕ್ತಿ ಇರುತ್ತಿರಲಿಲ್ಲ. ಅವರ ಬೆರಳಲ್ಲಿ ಶಾಯಿಯ ಕಲೆ, ನನ್ನ ಬೆರಳಲ್ಲಿ ಹಿಟ್ಟು. ಒಂದೇ ಬೋಗುಣಿಯ ನೀರಲ್ಲಿ ಕೈ ತೊಳೆದರೆ ನೀರು ಬೂದಿ ಬಣ್ಣ ಆಗುತ್ತಿತ್ತು. ನಾನು ಆ ನೀರನ್ನು ತುಳಸಿಗೆ ಹಾಕದೆ ಬಚ್ಚಲಿಗೆ ಹಾಕುತ್ತಿದ್ದೆ.

ಎರಡೇ ನೋಟ್‌ಬುಕ್ಕು ಆಯಿತು. ರಜಿಸ್ಟರ್ ಟಪಾಲಿನಲ್ಲಿ ಕಳಿಸಿದೆವು. ಸಾಲೆ ಶುರುವಾಗಿ, ಮತ್ತೆ ಬಬಲೇಶ್ವರದ ಬಸ್ಸು ಶುರುವಾಗಿ, ಉತ್ತರ ಬರಲಿಲ್ಲ. ಯಜಮಾನರು ಕೇಳುವುದನ್ನು ಬಿಟ್ಟರು. ನಾನು ಟಪಾಲಿನವನು ಓಣಿ ಹೊಕ್ಕಾಗ ಹೊರಗೆ ಬರುವುದನ್ನು ಬಿಟ್ಟೆ.

ಒಂದು ಶನಿವಾರ, ಅರ್ಧ ದಿನದ ಸಾಲೆ ಮುಗಿಸಿ ಅವರು ಆಗಷ್ಟೇ ಬಂದು ಚಾಪೆಯ ಮೇಲೆ ಬಿದ್ದಿದ್ದರು. ನಾನು ಹೊದೆಯುವ ಕೌದಿ ಒಗೆದು ಹಿಂಡುತ್ತಿದ್ದೆ. ಕಾರ್ಡು ಬಂತು. “ಓದು,” ಎಂದರು, ಕಣ್ಣು ಮುಚ್ಚಿಕೊಂಡೇ. ಒದ್ದೆ ಕೈ ಸೆರಗಿಗೆ ಒರೆಸಿ ಓದಿದೆ. ಎರಡೇ ಸಾಲು. ಬರೆದದ್ದು ಕಾರ್ಡಿನಂತೆಯೇ ಇದೆ, ಹೆಂಗಸು ಸಿಕ್ಕಳು, ಮದ್ರಾಸಿಗೆ ಹೊರಟು ಬನ್ನಿ, ಸಂಭಾಷಣೆಯನ್ನೂ ನೀವೇ ಬರೆಯಿರಿ ಎಂದಿತ್ತು.

ಅವರು ಏಳಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ಎನ್ನಿಸಿ ಇನ್ನೊಮ್ಮೆ ಓದಿದೆ.

“ಕೇಳ್ಯದ,” ಎಂದರು. ಕೈ ಚಾಚಿ ಕಾರ್ಡು ಇಸಿದುಕೊಂಡು ಎದೆಯ ಮೇಲೆ ಇಟ್ಟುಕೊಂಡರು. “ಬಾಳ ದಣಿವಾಗೇದ. ನಿನಗೂ ಆಗೇದ. ನಾಳೆ ಖುಷಿ ಪಡೂಣು.”

ಕೌದಿಯ ಇನ್ನೊಂದು ತುದಿ ಹಿಡಿಯಲು ಅತ್ತೆಯನ್ನು ಕರೆದೆ. ಇಬ್ಬರೂ ಸೇರಿ ಹಿಂಡಿ ಹಗ್ಗದ ಮೇಲೆ ಹಾಕುವ ಹೊತ್ತಿಗೆ, ಒಳಗೆ ಅವರು ಗೊರಕೆ ಹೊಡೆಯುತ್ತಿದ್ದರು.